ಹದಿನೆಂಟು ಕೆಜಿ ಅಂದುಕೊಂಡಿದ್ದೆ

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಗದ್ದೆಯಲ್ಲಿ ಭತ್ತದ ಹುಲ್ಲಿನ 40 ರೋಲು ಬಿದ್ದಿದ್ದವು. ಮಂಡ್ಯದ ಕಡೆ ಈಗ ಕೊಯ್ಲಿನ ಮಿಷಿನ್ ಹೋದ ಮೇಲೆ ಬೇಲರ್ ಬರುತ್ತೆ, ಹುಲ್ಲನ್ನು ಸುತ್ತಿ, ಹುರಿ ಕಟ್ಟಿ ಉರುಳಿಸಿ ಹೋಗುತ್ತೆ. ಟ್ರ್ಯಾಕ್ಟರ್ ಬೇರೆಯವರ ಗದ್ದೆಗೆ ಹೋಗಿಯಾಗಿತ್ತು. ಹಾಗಾಗಿ ಎತ್ತಿನ ಗಾಡಿಯಲ್ಲೇ ಸಾಗಿಸಬೇಕಿತ್ತು.

ದಾರಿಯಲ್ಲಿ ನಾಲೆ ಏರಿ ಹತ್ತಬೇಕು. ಅದೇ ಸಮಸ್ಯೆ. ಎಡಗಡೆಯ ಎತ್ತಿಗೆ ಹೆಗಲ ಹುಣ್ಣು ಆಗಷ್ಟೇ ವಾಸಿಯಾಗಿತ್ತು. "ಏಳು ಕ್ವಿಂಟಲ್ ದಾಟಬಾರದು" ಅಂದರು ದೊಡ್ಡಪ್ಪ. ಸರಿ, ಲೆಕ್ಕ ನನ್ನದು ಅಂದೆ.

ರೋಲು ಅಂದರೆ ಸಿಲಿಂಡರ್. ವ್ಯಾಸ D, ಉದ್ದ L, ಸಾಂದ್ರತೆ ρ ಇದ್ದರೆ ತೂಕ ಹೀಗೆ:

```
W = 3.14 × (D/2)² × L × ρ
```

ಟೇಪ್ ಹಿಡಿದೆ. ಅಗಲ 64 ಸೆಂಮೀ ಬಂತು. ಇನ್ನೇನು ಬರೆದುಕೊಳ್ಳಬೇಕು, ಅಷ್ಟರಲ್ಲಿ ರೋಲು ನೆಲದ ಮೇಲೆ ತನ್ನದೇ ಭಾರಕ್ಕೆ ಚಪ್ಪಟೆಯಾಗಿರೋದು ಕಂಡಿತು. ಎತ್ತರ ಅಳೆದರೆ 56 ಮಾತ್ರ. ಎರಡರ ಸರಾಸರಿ 60. ವ್ಯಾಸ ವರ್ಗವಾಗಿ ಬರುವುದರಿಂದ, ಅಗಲವನ್ನೇ ನಂಬಿದ್ದರೆ ತೂಕ ನೂರಕ್ಕೆ 14ರಷ್ಟು ಜಾಸ್ತಿ ಬರುತ್ತಿತ್ತು. ಉದ್ದ 90 ಸೆಂಮೀ. ಅಲ್ಲಿಗೆ ಗಾತ್ರ ಸುಮಾರು 0.254 ಘನಮೀಟರ್. ಒಣಹುಲ್ಲಿನ ಸಣ್ಣ ರೋಲಿಗೆ ಘನಮೀಟರಿಗೆ 70 ಕೆಜಿ ಅಂತ ಹಿಡಿದೆ. ಒಂದಕ್ಕೆ 18 ಕೆಜಿ, ನಲವತ್ತಕ್ಕೆ 720. "ಒಂದೆರಡು ಬಿಟ್ಟು ಎಲ್ಲಾ ಒಂದೇ ಸಲಕ್ಕೆ ಹೇರಬಹುದು ದೊಡ್ಡಪ್ಪ" ಅಂದೆ.

ದೊಡ್ಡಪ್ಪ ಏನೂ ಹೇಳದೆ ಕೆಳಗಿನ ಮಡಿಗೆ ಹೋಗಿ ಒಂದು ರೋಲಿನ ಹುರಿಗೆ ಕೈ ಹಾಕಿ ಎತ್ತಿದರು. ಅರ್ಧಕ್ಕೇ ಬಿಟ್ಟರು. "ಇದು ನಿನ್ನ ಹದಿನೆಂಟಲ್ಲ ಕಣ್ಲಾ ಮಗ."

ಪಕ್ಕದ ಮನೆಯಿಂದ ನೇತುಹಾಕೋ ತಕ್ಕಡಿ ತಂದು, ಮೇಲಿನ ಮಡಿಯಲ್ಲಿ ಮೂರು, ಕೆಳಗಿನ ಮಡಿಯಲ್ಲಿ ಮೂರು ತೂಗಿದೆವು. ಮೇಲಿನವು ಹದಿನೆಂಟರ ಆಸುಪಾಸು. ಕೆಳಗಿನವು ಸರಾಸರಿ 26! ಟೇಪಿನಲ್ಲಿ ಎರಡೂ ಒಂದೇ ಅಳತೆ.

ಕೆಳಗಿನ ಮಡಿಗೆ ನಾಲೆಯ ಜಿನುಗು ನೀರು ಬರುತ್ತೆ. ಹುಲ್ಲು ಒದ್ದೆ ಇದ್ದಾಗಲೇ ಸುತ್ತಿಬಿಟ್ಟಿದ್ದರು. ನೀರು ಹುಲ್ಲಿನ ಒಳಗೂ ನಡುವಿನ ಸಂದಿಗಳಲ್ಲೂ ಕೂರುತ್ತೆ. ರೋಲು ದಪ್ಪವಾಗಲ್ಲ, ತೂಕ ಮಾತ್ರ ಏರುತ್ತೆ. ಲೆಕ್ಕ ಹಾಕಿ ನೋಡಿದೆ. ಒಣ ರೋಲಿನಲ್ಲೂ ನೂರಕ್ಕೆ 12ರಷ್ಟು ತೇವ ಇದೆ ಅಂತ ಹಿಡಿದರೆ, 18 ಕೆಜಿಯಲ್ಲಿ ನಿಜವಾದ ಹುಲ್ಲು ಸುಮಾರು 15.8 ಕೆಜಿ. ಅಷ್ಟೇ ಹುಲ್ಲು 26 ಕೆಜಿ ತೂಗಬೇಕಾದರೆ ಉಳಿದ 10.2 ಕೆಜಿ ನೀರು. ಅಂದರೆ ನೂರಕ್ಕೆ 39 ಭಾಗ! ನನ್ನ ಸೂತ್ರದಲ್ಲಿ ತಪ್ಪಿರಲಿಲ್ಲ. ಎಲ್ಲೋ ಓದಿದ ρ ಅನ್ನು ನಮ್ಮ ಗದ್ದೆಗೆ ತಂದಿದ್ದೇ ತಪ್ಪು. ಕೆಳಗಿನ ಮಡಿಯಲ್ಲಿ ಅದು 70 ಅಲ್ಲ, 102.

ಮೇಲೆ 24 ರೋಲು, ಕೆಳಗೆ 16. ಹೊಸ ಲೆಕ್ಕ 432 ಮತ್ತು 416, ಒಟ್ಟು 848 ಕೆಜಿ. ದೊಡ್ಡಪ್ಪ ಹೇಳಿದ ಮಿತಿಗಿಂತ ಒಂದೂವರೆ ಕ್ವಿಂಟಲ್ ಜಾಸ್ತಿ. ಅದೂ ಏರಿಯ ಮೇಲೆ, ಆ ಹೆಗಲಿನ ಮೇಲೆ. ಎತ್ತು ಏರಿ ಮಧ್ಯದಲ್ಲಿ ನಿಂತುಬಿಟ್ಟಿದ್ದರೆ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಹಿಂದೆ ಕೈಕೊಟ್ಟು ನೂಕುತ್ತಾ ಇರುತ್ತಿದ್ದವನು ನಾನೇ.

"ಹಾಗಾದ್ರೆ ಒದ್ದೆಯದ್ರಲ್ಲಿ ಹತ್ತು ಸೇರಿಸಿದ್ರೆ 692 ಆಗುತ್ತೆ, ಮಿತಿಯೊಳಗೇ ಇರುತ್ತೆ" ಅಂದೆ. ದೊಡ್ಡಪ್ಪ ಒದ್ದೆ ರೋಲಿನೊಳಗೆ ಕೈ ತೂರಿಸಿ ನನ್ನ ಕೈಯನ್ನೂ ಎಳೆದು ಇಟ್ಟರು. ಒಳಗೆ ಬೆಚ್ಚಗಿತ್ತು. ಒದ್ದೆ ಹುಲ್ಲು ಬಿಗಿಯಾಗಿ ಕೂತರೆ ಒಳಗೊಳಗೇ ಕಾವೇರಿ ಬೂಷ್ಟು ಹಿಡಿಯುತ್ತೆ, ದನ ಮೂಸಿಯೂ ನೋಡಲ್ಲ, ಪಕ್ಕದ ಒಣ ಹುಲ್ಲೂ ಕೆಡುತ್ತೆ. ತೂಕ ಜಾಸ್ತಿ ಇರೋ ರೋಲನ್ನು ಮನೆಗೆ ತರಲೇಬಾರದು ಅನ್ನೋದಕ್ಕೆ ಎತ್ತಿನ ಹೆಗಲು ಒಂದೇ ಕಾರಣ ಆಗಿರಲಿಲ್ಲ.

ಅವತ್ತು ಇಪ್ಪತ್ತನಾಲ್ಕನ್ನೇ ಹೇರಿದೆವು. ಎತ್ತುಗಳು ಏರಿಯನ್ನು ಒಂದೇ ಉಸಿರಿಗೆ ಹತ್ತಿದವು. ಉಳಿದ ಹದಿನಾರರ ಹುರಿ ಬಿಚ್ಚಿ ಹುಲ್ಲನ್ನು ಮೇಲಿನ ಮಡಿಯಲ್ಲಿ ಹರಡಿ, ದಿನಾ ತಿರುವಿ ಹಾಕಿ ಒಣಗಿಸಿದೆವು. ನಾಲ್ಕನೇ ದಿನ ಬಿಡಿ ಹುಲ್ಲನ್ನೇ ಗಾಡಿಗೆ ತುಂಬಿದೆವು. ಅಳೆಯೋಕೆ ಈಗ D ಇಲ್ಲ, L ಇಲ್ಲ. ನಾನು ಟೇಪ್ ಹಿಡಿದು ಸುಮ್ಮನೆ ನಿಂತೆ. ದೊಡ್ಡಪ್ಪ ನೊಗದ ಹತ್ತಿರ ಹೋಗಿ ಮೂಕಿಯನ್ನು ಕೈಯಲ್ಲಿ ಸ್ವಲ್ಪ ಎತ್ತಿ ನೋಡಿ, "ಸಾಕು, ಹಗ್ಗ ಬಿಗಿ" ಅಂದರು.