ದನಿ ಬದಲಾಗಲಿ, ಒಡಂಬಡಿಕೆ ಬದಲಾಗದಿರಲಿ

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿದ್ದ ಒಂದು ಕಿರುಹೊತ್ತಗೆಗೆ, ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಶಾಸನವನ್ನು ತಿಳಿಗನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ತರಗತಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದ ಶಾಸನ ಅದು. ಒಂದು ಸಂಜೆಯ ಕೆಲಸವೆಂದುಕೊಂಡು ಕುಳಿತೆ. ಒಂದು ಸಂಜೆಯಲ್ಲಿ ಮುಗಿಸಿಯೂ ಬಿಟ್ಟೆ. ಅದನ್ನು ಸರಿಪಡಿಸಲು ಮಾತ್ರ ಮೂರು ವಾರ ಹಿಡಿಯಿತು.

ಶಾಸನದ ವಿಷಯವನ್ನು ಮೊದಲು ನೆನಪಿಸಿಕೊಳ್ಳೋಣ. ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದ ಉಂಟಾಗಿದೆ. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಜೈನರು ಭಕ್ತರು ಮಾಡುವ ಅನ್ಯಾಯಗಳನ್ನು ಬುಕ್ಕರಾಯನಿಗೆ ಬಿನ್ನವಿಸುತ್ತಾರೆ. ಅರಸನು ವೈಷ್ಣವ ಆಚಾರ್ಯರನ್ನೂ ಹದಿನೆಂಟು ನಾಡಿನ ವೈಷ್ಣವರನ್ನೂ ಸಾಕ್ಷಿಯಾಗಿಟ್ಟುಕೊಂಡು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಡುತ್ತಾನೆ. ಎರಡು ದರ್ಶನಗಳಿಗೂ ಭೇದವಿಲ್ಲವೆನ್ನುತ್ತಾನೆ. ಆಮೇಲೆ ಬರುವುದು ಕಟ್ಟಳೆಗಳ ಸಾಲು: ವಾದ್ಯ ಮತ್ತು ಕಳಶಗಳ ಹಕ್ಕು, ಮನೆಗೆ ವರ್ಷಕ್ಕೆ ಒಂದು ಹಣ, ದೇವರ ಅಂಗರಕ್ಷೆಗೆ ಇಪ್ಪತ್ತು ಆಳು, ಉಳಿದ ಹೊನ್ನಿನಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ, ತಪ್ಪಿ ನಡೆದವರಿಗೆ ರಾಜದ್ರೋಹದ ದೋಷ.

ನನ್ನ ಮೊದಲ ಕರಡು ಹೀಗಿತ್ತು: “1368ರಲ್ಲಿ ವೈಷ್ಣವರು ಜೈನರ ಮೇಲೆ ದೌರ್ಜನ್ಯ ನಡೆಸಿದರು. ನೊಂದ ಜೈನರು ಬುಕ್ಕರಾಯನ ಮೊರೆಹೊಕ್ಕರು. ಉದಾರಿಯಾದ ಅರಸನು ಎರಡೂ ಕಡೆಯವರಿಗೆ ರಾಜಿ ಮಾಡಿಸಿದನು. ಜೈನರ ಹಾನಿಯನ್ನು ತಮ್ಮ ಹಾನಿಯೆಂದೇ ತಿಳಿಯಬೇಕೆಂದು ವೈಷ್ಣವರಿಗೆ ಹೇಳಿದನು. ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶಗಳ ಗೌರವವನ್ನು ದಯಪಾಲಿಸಿದನು. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಕಾವಲುಗಾರರನ್ನು ನೇಮಿಸಿದನು. ಹಾಳಾಗಿದ್ದ ಬಸದಿಗಳೆಲ್ಲ ದುರಸ್ತಿಯಾದವು.”

ಓದಲು ಇದು ಚೆನ್ನಾಗಿಯೇ ಇದೆ. ನನಗೂ ಹಾಗೆಯೇ ಅನ್ನಿಸಿತ್ತು. ಶಾಸನವನ್ನು ಎಂದೂ ಓದಿರದ ಎಂ.ಎ. ವಿದ್ಯಾರ್ಥಿನಿಯೊಬ್ಬಳಿಗೆ ಅಕ್ಷರದೋಷ ನೋಡಲು ಕೊಟ್ಟೆ. ಅವಳು ಮರುದಿನ ಬಂದು ಕೇಳಿದಳು: “ಸರ್, ಹಾಗಾದರೆ ಆ ಇಪ್ಪತ್ತು ಜನರ ಸಂಬಳವನ್ನು ರಾಜನೇ ಕೊಡುತ್ತಿದ್ದನೇ?” ಇಲ್ಲ, ಜೈನರೇ ಕೊಡಬೇಕಿತ್ತು ಎಂದೆ. “ಅದು ಇಲ್ಲಿ ಎಲ್ಲಿದೆ, ಸರ್?” ಎಂದಳು. ಎಲ್ಲಿಯೂ ಇರಲಿಲ್ಲ.

ಅಂದು ರಾತ್ರಿ ಮೂಲವನ್ನೂ ಕರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕುಳಿತೆ. ಮೊದಲು ಕಂಡದ್ದು ಆ ಇಪ್ಪತ್ತು ಆಳುಗಳ ಪ್ರಸಂಗ. ಮೂಲದಲ್ಲಿ ಅದು ಮೂರು ಪಕ್ಷಗಳ ಒಡಂಬಡಿಕೆ. ಹಣ ಕೊಡತಕ್ಕವರು ರಾಜ್ಯದ ಜೈನರು, ಅದೂ ತಮ್ಮ ಒಪ್ಪಿಗೆಯಿಂದ. ಅದನ್ನು ಎತ್ತತಕ್ಕವನು ತಿರುಮಲೆಯ ತಾತಯ್ಯ. ಆಳುಗಳನ್ನಿಟ್ಟು ರಕ್ಷಣೆಯ ಹೊಣೆ ಹೊರತಕ್ಕವರು ವೈಷ್ಣವರು. ನನ್ನ ಕರಡಿನಲ್ಲಿ ಈ ಮೂವರೂ ಮಾಯವಾಗಿ ಅರಸನೊಬ್ಬನೇ ಉಳಿದಿದ್ದ. ಕಥೆಯ ಧಾಟಿಗೆ ಒಬ್ಬ ನಾಯಕ ಬೇಕಾಗುತ್ತಾನೆ. ಆ ಧಾಟಿಯನ್ನು ಹಿಡಿದೊಡನೆ ಎಲ್ಲರ ಕೆಲಸವನ್ನೂ ಅವನಿಗೇ ವಹಿಸಿಕೊಟ್ಟಿದ್ದೆ.

ಕ್ರಿಯಾಪದದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಅಡಗಿತ್ತು. ಶಾಸನ ಹೇಳುವುದು ಆಳುಗಳನ್ನು ಇಡತಕ್ಕದ್ದು, ಸುಣ್ಣ ಹೊಡೆಸತಕ್ಕದ್ದು ಎಂದು. ನಾನು ಬರೆದದ್ದು ನೇಮಿಸಿದನು, ದುರಸ್ತಿಯಾದವು ಎಂದು. ವಿಧಿರೂಪವು ಭೂತಕಾಲವಾದಾಗ ಕಟ್ಟಳೆಯೊಂದು ಘಟನೆಯಾಗಿಬಿಡುತ್ತದೆ. ಎಲ್ಲ ಮನೆಗಳಿಂದಲೂ ಹಣ ಬಂದಿತೇ, ಇಪ್ಪತ್ತು ಆಳುಗಳೂ ನಿಂತರೇ, ಎಷ್ಟು ಬಸದಿಗಳು ಸುಣ್ಣ ಕಂಡವು ಎಂಬುದನ್ನು ಈ ಕಟ್ಟಳೆಯ ಮಾತುಗಳು ಹೇಳುವುದಿಲ್ಲ. ನನ್ನ ವಾಕ್ಯವನ್ನು ನಂಬಿ ಯಾರಾದರೂ ಸಂಶೋಧಕರು ಹದಿನಾಲ್ಕನೆಯ ಶತಮಾನದಲ್ಲಿ ಬಸದಿಗಳ ವ್ಯಾಪಕ ಜೀರ್ಣೋದ್ಧಾರ ನಡೆಯಿತೆಂದು ಬರೆದರೆ, ಅದಕ್ಕೆ ಆಧಾರ ಶಾಸನವಲ್ಲ, ನನ್ನ ಪ್ರತ್ಯಯ.

ಎರಡನೆಯದು ‘ದಯಪಾಲಿಸಿದನು’ ಎಂಬ ಮಾತು. ಪಂಚಮಹಾವಾದ್ಯಗಳೂ ಕಳಶವೂ ಜೈನದರ್ಶನಕ್ಕೆ ‘ಪೂರ್ವಮರ್ಯಾದೆ’ಯಂತೆ ಸಲ್ಲುತ್ತವೆ ಎಂದು ಶಾಸನ ಹೇಳುತ್ತದೆ. ಹಿಂದಿನಿಂದ ನಡೆದುಬಂದ ಕಟ್ಟಳೆ ಎಂಬುದು ಇಲ್ಲಿ ‘ಮರ್ಯಾದೆ’ಯ ಅರ್ಥ, ಇಂದಿನ ಗೌರವವೆಂಬ ಅರ್ಥವಲ್ಲ. ನಾನು ‘ಪೂರ್ವ’ವನ್ನು ಕೈಬಿಟ್ಟು, ‘ಮರ್ಯಾದೆ’ಯನ್ನು ‘ಗೌರವ’ ಮಾಡಿ, ಸಲ್ಲುವುದನ್ನು ದಯಪಾಲಿಸುವುದನ್ನಾಗಿ ಮಾಡಿದ್ದೆ. ಮೊದಲೇ ಇದ್ದ ಹಕ್ಕನ್ನು ಅರಸನು ಸ್ಥಿರಪಡಿಸಿದ್ದು, ಇಲ್ಲದ ಹಕ್ಕನ್ನು ಅವನು ಹೊಸದಾಗಿ ಕೊಟ್ಟದ್ದಾಯಿತು. ಕೃಪೆಯಿಂದ ಬಂದದ್ದನ್ನು ಮುಂದೊಬ್ಬ ಅರಸ ಹಿಂತೆಗೆದುಕೊಳ್ಳಬಹುದು; ವಾಡಿಕೆಯಿಂದ ಬಂದ ಹಕ್ಕಿನ ಮಾತು ಬೇರೆ. ಬಿನ್ನಹ ಕೊಂಡೊಯ್ದವರಿಗೆ ಈ ವ್ಯತ್ಯಾಸವೇ ಮುಖ್ಯವಾಗಿತ್ತೆಂದು ನನ್ನ ಎಣಿಕೆ.

ಮೂರನೆಯದು ವೈಷ್ಣವರ ಕುರಿತಾದದ್ದು. ‘ಅನ್ಯಾಯ’ ಎಂಬುದು ಬಿನ್ನಹದೊಳಗಿನ ಮಾತು, ಹೇಳುವವರು ಜೈನರು. ಅದು ಎಂಥ ಅನ್ಯಾಯವೆಂದು ಶಾಸನ ವಿವರಿಸುವುದಿಲ್ಲ. ನಾನು ಅದನ್ನು ‘ದೌರ್ಜನ್ಯ’ವೆಂದು ಬಿಗಿಗೊಳಿಸಿ, ಬಿನ್ನಹದಿಂದ ಹೊರತೆಗೆದು, ನಿರೂಪಕನ ಬಾಯಲ್ಲಿ ಸಿದ್ಧಸತ್ಯವಾಗಿ ಇಟ್ಟಿದ್ದೆ, ಮೇಲೆ ಒಡಂಬಡಿಕೆಯ ವರ್ಷವನ್ನು ಆ ಘಟನೆಗೆ ಅಂಟಿಸಿದ್ದೆ. ಇನ್ನೊಂದೆಡೆ, ಜೈನದರ್ಶನಕ್ಕೆ ಭಕ್ತರ ದೆಸೆಯಿಂದ ಹಾನಿಯಾಗಲಿ ವೃದ್ಧಿಯಾಗಲಿ ಒದಗಿದರೆ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ತಿಳಿಯಬೇಕೆಂಬ ಮಾತಿದೆ. ನಾನು ಉಳಿಸಿಕೊಂಡದ್ದು ಹಾನಿಯನ್ನು ಮಾತ್ರ. ‘ವೃದ್ಧಿ’ ಬಿದ್ದುಹೋದಾಗ ಒಬ್ಬರ ಏಳಿಗೆಯನ್ನು ಇನ್ನೊಬ್ಬರು ತಮ್ಮದೆಂದುಕೊಳ್ಳುವ ವಚನವು ಬರಿಯ ಎಚ್ಚರಿಕೆಯಾಯಿತು. ಹೊತ್ತಗೆಯನ್ನು ಓದುವ ಮಕ್ಕಳಲ್ಲಿ ಎರಡೂ ಮನೆತನಗಳವರು ಇರುತ್ತಾರೆ. ಸಂಧಾನದ ಶಾಸನವನ್ನು ನಾನು ಆರೋಪಪಟ್ಟಿಯಾಗಿ ಬರೆದಿದ್ದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮತ್ತೆ ಮತ್ತೆ ಓದಿನೋಡುವುದರಿಂದ ಪ್ರಯೋಜನವಾಗದು. ಮೂಲ ನಮ್ಮ ನೆನಪಿನಲ್ಲಿರುವುದರಿಂದ ಬಿಟ್ಟುಹೋದದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಬರೆಯುವುದಕ್ಕೆ ಮೊದಲು ಮೂಲದಿಂದ ಒಂದು ಪಟ್ಟಿ ತಯಾರಿಸುತ್ತೇನೆ. ಪ್ರತಿ ಕಟ್ಟಳೆಗೂ ಒಂದು ಸಾಲು; ಆ ಸಾಲಿನಲ್ಲಿ ಯಾರು, ಯಾರಿಗೆ, ಏನು, ಎಷ್ಟು, ಎಂದಿನವರೆಗೆ ಎಂಬ ಐದು ಮನೆಗಳು. ಆರನೆಯ ಮನೆಯಲ್ಲಿ ಕ್ರಿಯಾಪದದ ಬಗೆ: ಆದದ್ದೇ, ಆಗತಕ್ಕದ್ದೇ, ಯಾರೋ ಆಯಿತೆಂದು ಹೇಳಿದ್ದೇ? ಅನಂತರ ಹೊಸ ಧಾಟಿಯಲ್ಲಿ ಬರೆಯುತ್ತೇನೆ. ಬರೆದದ್ದನ್ನು ಮೂಲ ನೋಡಿರದ ಒಬ್ಬರಿಗೆ ಕೊಟ್ಟು, ಅದೊಂದರಿಂದಲೇ ಅದೇ ಆರು ಮನೆಗಳನ್ನು ತುಂಬಲು ಕೇಳುತ್ತೇನೆ. ಎರಡು ಪಟ್ಟಿಗಳನ್ನು ಹೋಲಿಸಿದಾಗ, ನನ್ನ ಪಟ್ಟಿಯಲ್ಲಿದ್ದು ಅವರದರಲ್ಲಿ ಖಾಲಿಯಾಗಿರುವುದು ನಾನು ಕಳೆದದ್ದು. ಅವರದರಲ್ಲಿದ್ದು ನನ್ನದರಲ್ಲಿ ಇಲ್ಲದ್ದು ನಾನು ಸೇರಿಸಿದ್ದು.

ಎರಡನೆಯ ಕರಡನ್ನು ಅದೇ ವಿದ್ಯಾರ್ಥಿನಿಗೆ ಕೊಡುವಂತಿರಲಿಲ್ಲ, ಅವಳಿಗೀಗ ವಿಷಯ ತಿಳಿದಿತ್ತು. ಅವಳ ಸಹಪಾಠಿಗೆ ಕೊಟ್ಟೆ. ಅವನ ಪಟ್ಟಿ ನನ್ನದಕ್ಕೆ ಬಹುಮಟ್ಟಿಗೆ ಹೊಂದಿತು, ಒಂದು ಮನೆಯನ್ನು ಬಿಟ್ಟು. ‘ಎಷ್ಟು’ ಎಂಬಲ್ಲಿ ಅವನು ‘ಸ್ವಲ್ಪ ದುಡ್ಡು’ ಎಂದು ಬರೆದಿದ್ದ. ನಾನು ಮೂಲದಂತೆಯೇ ‘ಒಂದು ಹಣ’ ಎಂದು ಇಟ್ಟಿದ್ದೆ. ಆ ಕಾಲದಲ್ಲಿ ಹಣವೆಂದರೆ ಒಂದು ಸಣ್ಣ ಚಿನ್ನದ ನಾಣ್ಯ; ಇಂದಿನ ಓದುಗನಿಗೆ ಹಣವೆಂದರೆ ಎಣಿಕೆಯಿಲ್ಲದ ದುಡ್ಡು. ಪದವನ್ನು ಮುಟ್ಟದೆ ಉಳಿಸಿದ್ದರಿಂದಲೇ ಮೊತ್ತ ಕಳೆದುಹೋಗಿತ್ತು. ಇದೇ ಶಾಸನದಲ್ಲಿ ‘ಭವ್ಯ’ರೆಂದರೆ ಜೈನ ಶ್ರಾವಕರು, ‘ಸಮಯ’ವೆಂದರೆ ಮತ. ಅಚ್ಚಗನ್ನಡದಂತೆ ಕಾಣುವ ಇಂಥ ಪರಿಚಿತ ಪದಗಳೇ ಕಠಿಣ ಪದಗಳಿಗಿಂತ ಹೆಚ್ಚು ಮೋಸಮಾಡುತ್ತವೆ. ಕಠಿಣ ಪದಕ್ಕೆ ನಾವು ನಿಘಂಟನ್ನಾದರೂ ತೆರೆಯುತ್ತೇವೆ.

ಕಾಲನಿರ್ದೇಶಕ್ಕೆ ಬೇರೆಯೇ ಪರೀಕ್ಷೆಯುಂಟು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ದೊರೆಯುವುದೆಂದು ನಾವೆಲ್ಲ ಕಲಿಸುತ್ತೇವೆ. ಆದರೆ ಜನವರಿಯಿಂದ ಯುಗಾದಿಯವರೆಗೆ ಬೀಳುವ ತಿಥಿಗಳಿಗೆ 79 ಕೂಡಿಸಬೇಕು. ಭಾದ್ರಪದಕ್ಕೆ 78 ಸರಿಯಾಗಿ 1368 ಬರುತ್ತದೆ. ಅದು ಕೀಲಕ ಸಂವತ್ಸರವೂ ಹೌದು. ಶುದ್ಧ ದಶಮಿಯು ಅಂದಿನ ಆಗಸ್ಟ್ 24ಕ್ಕೆ ಬೀಳುತ್ತದೆ. ಗಣಿಸಿದರೆ ವಾರವೂ ಗುರುವಾರವೇ. ವರ್ಷ, ಸಂವತ್ಸರ, ತಿಥಿ, ವಾರ ಈ ನಾಲ್ಕೂ ಒಂದನ್ನೊಂದು ಒಪ್ಪಿದಾಗ ಪರಿವರ್ತನೆಯಲ್ಲಿ ಜಾರಿಲ್ಲವೆಂದು ಧೈರ್ಯ ತಾಳಬಹುದು.

ಈ ಕ್ರಮಕ್ಕೂ ಮಿತಿಯಿದೆ. ಮೂಲವನ್ನು ನಾನೇ ತಪ್ಪಾಗಿ ಓದಿದ್ದರೆ ಎರಡು ಪಟ್ಟಿಗಳೂ ಒಂದೇ ತಪ್ಪಿನಲ್ಲಿ ಹೊಂದಿಕೊಳ್ಳುತ್ತವೆ. ಆದ್ದರಿಂದ ಮೊದಲ ಪಟ್ಟಿಯನ್ನು ನೆನಪಿನಿಂದಲ್ಲ, ಎಪಿಗ್ರಾಫಿಯ ಕರ್ನಾಟಿಕದ ಮುದ್ರಿತ ಪಾಠವನ್ನು ಮುಂದಿಟ್ಟುಕೊಂಡೇ ಮಾಡಬೇಕು. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ ಆ ಕ್ರಿಯೆಯಂಥದು ಯಾವ ಮನೆಯಲ್ಲೂ ಕೂರುವುದಿಲ್ಲ. ‘ರಾಜಿ’ ಎಂದರೆ ಪಟ್ಟಿ ತಪ್ಪೆನ್ನುವುದಿಲ್ಲ, ಆದರೂ ನಷ್ಟವಾಗಿರುತ್ತದೆ.

ಕೊನೆಗೆ ಹೊತ್ತಗೆಗೆ ಹೋದ ಭಾಗ ಹೀಗಿತ್ತು: “ರಾಜ್ಯದ ಜೈನರು ತಮ್ಮ ಒಪ್ಪಿಗೆಯಿಂದ ಮನೆಯೊಂದಕ್ಕೆ ವರ್ಷಕ್ಕೆ ‘ಹಣ’ವೆಂಬ ಒಂದು ಚಿನ್ನದ ನಾಣ್ಯ ಕೊಡಬೇಕು. ಅದನ್ನು ತಿರುಮಲೆಯ ತಾತಯ್ಯ ಸಂಗ್ರಹಿಸಬೇಕು. ಅದರಿಂದ ಬೆಳಗೊಳದ ದೇವರ ಕಾವಲಿಗೆ ವೈಷ್ಣವರು ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕದ್ದರಿಂದ ಹಳೆಯ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಸೂರ್ಯಚಂದ್ರರು ಇರುವವರೆಗೆ ಹೀಗೆ ನಡೆಯಬೇಕೆಂದು ಗೊತ್ತುಮಾಡಿದರು.” ಸಂಪಾದಕರು ಫೋನ್ ಮಾಡಿ, ‘ಬೇಕು’ ಐದು ಸಲ ಬಂದಿದೆ, ಒಂದೆರಡನ್ನು ತೆಗೆಯಬಹುದೇ ಎಂದು ವಿನಯದಿಂದ ಕೇಳಿದರು. ಯಾವುದನ್ನು ತೆಗೆದರೂ ಒಂದು ಕಟ್ಟಳೆ ಸಡಿಲವಾಗುತ್ತದೆಂದು ವಿವರಿಸಿದೆ. ಐದೂ ಉಳಿದವು.