ಕಳಿಸುವ ಮುನ್ನ ನಾಲ್ಕು ಗೆರೆ

ಪಡುಬಿದ್ರಿ ಕಡೆಯ ಕುಟುಂಬದ ಮನೆಯಲ್ಲಿ ನೇಮ ನಿಶ್ಚಯವಾದರೆ ಮುಂಬಯಿಯವರಿಗೆ ಕನ್ನಡದ ಕಾಗದ ಸಾಕು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಇಂಗ್ಲಿಷ್ ಬೇಕು. ಅದನ್ನು ಬರೆಯುವ ಕೆಲಸ ನನ್ನದು. "ಇಂಗ್ಲಿಷ್ ಹೇಗೂ ಇರಲಿ ಮಗಾ, ಅವರು ಆ ದಿನಕ್ಕೆ ಬಂದು ಮುಟ್ಟಿದರೆ ಸಾಕು" ಎನ್ನುತ್ತಾರೆ ದೊಡ್ಡಮ್ಮ.

ಅವರ ಮಾತು ಸರಿ. ವ್ಯಾಕರಣ ತಪ್ಪಿದರೆ ಓದುವವನೇ ತಿದ್ದಿಕೊಳ್ಳುತ್ತಾನೆ. ತಾರೀಕು ತಪ್ಪಿದರೆ ಆ ತಪ್ಪು ದಿನಕ್ಕೇ ಟಿಕೆಟ್ ಮಾಡಿಸುತ್ತಾನೆ. ಹಾಗಾಗಿ ಅನುವಾದ ಮುಗಿದ ಮೇಲೆ ಭಾಷೆಯನ್ನು ಮರೆತು, ಮೂಲದಲ್ಲಿರುವ ತಾರೀಕು, ಗಂಟೆ, ಹೆಸರು, ಮೊತ್ತಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಗೆರೆ ಎಷ್ಟಿವೆಯೋ ಅಷ್ಟೂ ಅನುವಾದದಲ್ಲಿ ಸಿಗಬೇಕು.

ಮೊದಲು ತಾರೀಕು. ಕಾಗದದಲ್ಲಿ 07/03/2026, ಶನಿವಾರ ಎಂದಿದೆ ಎನ್ನಿ. ನಮಗೆ ಅದು ಮಾರ್ಚ್ 7. ಅಮೆರಿಕದವರಿಗೆ ಜುಲೈ 3. ತಿಂಗಳನ್ನು ಅಕ್ಷರದಲ್ಲಿ ಬರೆದು ವಾರವನ್ನೂ ಉಳಿಸಿದರೆ ಗೊಂದಲ ತಪ್ಪುತ್ತದೆ. ಅಂಕೆಯಲ್ಲೆಲ್ಲೋ ಕೈ ತಪ್ಪಿದ್ದರೂ ವಾರ ಸಾಕ್ಷಿ ಹೇಳುತ್ತದೆ: ಆ ವರ್ಷದ ಜುಲೈ 3 ಶುಕ್ರವಾರ. ಆದರೆ ವಾರವನ್ನು ಕ್ಯಾಲೆಂಡರ್ ನೋಡಿಯೇ ತಾಳೆ ಹಾಕಬೇಕು, ನೆನಪಿನಿಂದಲ್ಲ.

ಗಂಟೆಯ ಪೇಚು ಇದಕ್ಕಿಂತ ದೊಡ್ಡದು. "ಶನಿವಾರ ರಾತ್ರಿ 1 ಗಂಟೆಗೆ ನೇಮ" ಎಂದರೆ ನಮ್ಮಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗಾಗುವವರೆಗೂ ನಮಗದು ಶನಿವಾರದ ರಾತ್ರಿಯೇ. ಇಂಗ್ಲಿಷ್ ಲೆಕ್ಕದಲ್ಲಿ ಆಗಲೇ ಮಾರ್ಚ್ 8, ಭಾನುವಾರ. "ಮಾರ್ಚ್ 7, ಬೆಳಗಿನ ಜಾವ 1 ಗಂಟೆ" ಎಂದು ಬರೆದರೆ ಮಕ್ಕಳು ಒಂದು ದಿನ ಮೊದಲೇ ಬಂದು ಕೂರುತ್ತಾರೆ. "ಮಾರ್ಚ್ 7ರ ಶನಿವಾರ ಕಳೆದು, 8ರ ಭಾನುವಾರ ಬೆಳಗಿನ ಜಾವ 1 ಗಂಟೆ" ಎಂದು ಎರಡೂ ದಿನ ಹೇಳುವುದೇ ಕ್ಷೇಮ.

ಹೆಸರಿನಲ್ಲಿ ಊರನ್ನು ಪಿನ್‌ಕೋಡ್‌ನೊಂದಿಗೆ ಜೋಡಿಸಿ ನೋಡುತ್ತೇನೆ. ಪಡುಬಿದ್ರಿ 574111, ಮೂಡುಬಿದಿರೆ 574227. ಒಂದು ಕಡಲ ಬದಿ, ಇನ್ನೊಂದು ಒಳನಾಡು; ಫೋನಿನ ಸಲಹೆಯನ್ನು ನಂಬಿ ಬೆರಳೊತ್ತಿದರೆ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತಿರಬಹುದು. ಜನರ ಹೆಸರಿಗೆ ನನ್ನ ಕಾಗುಣಿತ ಬೇಡ, ಅವರವರು ಬರೆದುಕೊಳ್ಳುವ ಹಾಗೇ ಇರಬೇಕು.

ಕೊನೆಗೆ ಮೊತ್ತ. "ಒಂದೂಕಾಲು ಲಕ್ಷ"ವನ್ನು 1,25,000 ಎಂದು ಬರೆದರೆ ಅಲ್ಪವಿರಾಮದ ಜಾಗ ನೋಡಿ ಅಲ್ಲಿಯವರು ತಡವರಿಸುತ್ತಾರೆ. 125,000 ರೂಪಾಯಿ ಎಂದು ಬರೆದು ಸೊನ್ನೆ ಎಣಿಸುತ್ತೇನೆ.

ಆಮೇಲೆ ಇನ್ನೊಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ನಾನು ಅನುವಾದದ ಮೇಲೆ ಬೆರಳಿಡಬೇಕು. ನನ್ನ ಬರಹವನ್ನು ನಾನೇ ಓದಿದರೆ ಕಣ್ಣು ಇರಬೇಕಾದದ್ದನ್ನೇ ಕಾಣುತ್ತದೆ. ಇಷ್ಟಾದರೂ ಮೂಲದ ತಪ್ಪೆಲ್ಲ ಇದರಲ್ಲಿ ಸಿಕ್ಕುವುದಿಲ್ಲ. ಮೂಲದಲ್ಲೇ ವಾರವೂ ತಾರೀಕೂ ಹೊಂದದಿದ್ದರೂ ತಿದ್ದುವ ಹಕ್ಕು ನನ್ನದಲ್ಲ, ದೊಡ್ಡಮ್ಮನನ್ನೇ ಕೇಳಬೇಕು.