ಒಂಬತ್ತರಿಂದ ಭಾಗಿಸಿ ನೋಡಪ್ಪ

ಶ್ರೀನಿವಾಸಪುರ ಎಂದರೆ ಮಾವು. ಮೇ, ಜೂನ್ ಬಂತೆಂದರೆ ಮಂಡಿಗಳ ಮುಂದೆ ಲಾರಿಗಳ ಸಾಲು, ನಮ್ಮ ಬ್ಯಾಂಕಿನ ಕೌಂಟರಿನ ಮುಂದೆ ರೈತರ ಸಾಲು. ನಾನು ಹೇಳುತ್ತಿರುವುದು ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಮಾತು. ಒಬ್ಬರು ಎತ್ತಲು ಕಷ್ಟಪಡುವಂಥ ದಪ್ಪ ಲೆಡ್ಜರುಗಳಲ್ಲಿ ಎಲ್ಲ ಲೆಕ್ಕವನ್ನೂ ಕೈಯಲ್ಲೇ ಬರೆಯುತ್ತಿದ್ದೆವು.

ಅಂಥ ಒಂದು ಮಾವಿನ ಕಾಲದಲ್ಲಿ ಮುಳಬಾಗಿಲು ಕಡೆಯ ಹುಡುಗನೊಬ್ಬ ಹೊಸದಾಗಿ ಗುಮಾಸ್ತನಾಗಿ ಬಂದಿದ್ದ. ಆರು ತಿಂಗಳ ಪ್ರೊಬೇಷನ್ ಮುಗಿಯುತ್ತಾ ಬಂದಿತ್ತು. ಅವನು ಬರೆಯುತ್ತಿದ್ದದ್ದು ಉಳಿತಾಯ ಖಾತೆಗಳ ಲೆಡ್ಜರು. ಪ್ರತಿ ಶನಿವಾರ ಎಲ್ಲ ಖಾತೆಗಳ ಬಾಕಿಯನ್ನೂ ಒಂದು ಪುಸ್ತಕಕ್ಕೆ ಇಳಿಸಿ, ಕೂಡಿ, ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆ ನೋಡಬೇಕು. ನಾಲ್ಕು ಶನಿವಾರ ನೋಡಿದೆವು, ನಾಲ್ಕು ಸಲವೂ ತಾಳೆಯಾಗಲಿಲ್ಲ. ಮ್ಯಾನೇಜರು ನನ್ನನ್ನು ಕರೆದು, "ಹುಡುಗನ ಕನ್ಫರ್ಮೇಷನ್ ಕಾಗದ ಕಳಿಸಬೇಕು. ಅಜಾಗರೂಕ ಅಂತ ಬರೀಲಾ? ನೀವು ಪಕ್ಕದಲ್ಲೇ ಕೂರ್ತೀರಲ್ಲ, ಹೇಳ್ರಿ" ಎಂದರು. "ಒಂದು ವಾರ ಕೊಡಿ ಸಾರ್" ಎಂದೆ.

ಅಜಾಗರೂಕ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅದು ಕಟುವಾಗಿತ್ತು ಎಂದಲ್ಲ, ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಆ ಮಾತು ಕೇಳಿದವನು ನಾಳೆ ಬೆಳಿಗ್ಗೆ ಬಂದು ಏನನ್ನು ಬೇರೆ ಥರ ಮಾಡಬೇಕು? ಅದೇ ಹುಡುಗ ಬಡ್ಡಿ ಲೆಕ್ಕ ಹಾಕಿದರೆ ಒಂದು ಪೈಸೆಯೂ ತಪ್ಪುತ್ತಿರಲಿಲ್ಲ. ಅಜಾಗರೂಕನಾಗಿದ್ದರೆ ಅಲ್ಲೂ ತಪ್ಪಬೇಕಿತ್ತಲ್ಲ?

ಹಾಗಾಗಿ ನಾಲ್ಕು ವಾರದ ವ್ಯತ್ಯಾಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. 270, 1,460, 1,800, 4,500. ಮಕ್ಕಳೇ, ಈ ನಾಲ್ಕನ್ನೂ ಒಂಬತ್ತರಿಂದ ಭಾಗಿಸಿ ನೋಡಿ. 1,460 ಒಂದನ್ನು ಬಿಟ್ಟು ಉಳಿದ ಮೂರೂ ಶೇಷವಿಲ್ಲದೆ ಹೋಗುತ್ತವೆ. ಯಾವುದೇ ಸಂಖ್ಯೆಯ ಪಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. 63 ಬದಲು 36 ಬರೆಯಿರಿ, 27 ವ್ಯತ್ಯಾಸ. ಆರು ಹತ್ತರ ಸ್ಥಾನದಿಂದ ಬಿಡಿಯ ಸ್ಥಾನಕ್ಕೆ ಇಳಿದಾಗ ಅದರ ಬೆಲೆ 60 ಇದ್ದದ್ದು 6 ಆಗುತ್ತದೆ, ಅಂದರೆ ಆರು ಒಂಬತ್ತು ಕಡಿಮೆ. ಮೂರು ಮೇಲೆ ಹತ್ತಿದಾಗ ಮೂರು ಒಂಬತ್ತು ಹೆಚ್ಚು. ಉಳಿದದ್ದು ಮೂರು ಒಂಬತ್ತು. ಇದು ಹಳೆಯ ಗುಮಾಸ್ತರೆಲ್ಲರಿಗೂ ಗೊತ್ತಿದ್ದ ಉಪಾಯ. ಆದರೆ ಒಂಬತ್ತರಿಂದ ಹೋದ ಮಾತ್ರಕ್ಕೆ ಅಂಕಿ ತಿರುಗಿದೆ ಎಂದು ತೀರ್ಮಾನಿಸಬಾರದು. 900 ರೂಪಾಯಿಯ ಒಂದು ನಮೂದೇ ಬಿಟ್ಟುಹೋಗಿದ್ದರೂ ಹಾಗೇ ಹೋಗುತ್ತದೆ. ವೋಚರು ತೆಗೆದು ನೋಡಲೇಬೇಕು.

ತೆಗೆದು ನೋಡಿದೆ. 630 ಇರಬೇಕಾದಲ್ಲಿ 360. 5,300 ಇರಬೇಕಾದಲ್ಲಿ 3,500. 7,200 ಇರಬೇಕಾದಲ್ಲಿ 2,700. 1,460ರದ್ದು ಬೇರೆಯೇ ಕಥೆ. ಅದರ ಅರ್ಧ 730. ಯಾರೋ ವಾಪಸು ಪಡೆದ 730 ರೂಪಾಯಿಯನ್ನು ಕಳೆಯುವ ಬದಲು ಕೂಡಿದ್ದ. ಕಳೆಯಬೇಕಾದದ್ದನ್ನು ಕೂಡಿದರೆ ವ್ಯತ್ಯಾಸ ಎರಡರಷ್ಟಾಗುತ್ತದೆ.

ವೋಚರುಗಳ ಮೇಲೆ ಕ್ರಮಸಂಖ್ಯೆ ಇರುತ್ತದೆ. ಅಂಕಿ ತಿರುಗಿದ ಮೂರೂ ವೋಚರುಗಳು ದಿನದ ನಡುಭಾಗದವು, ಜನ ಕಿಕ್ಕಿರಿದ ಹೊತ್ತಿನವು. ಮಧ್ಯಾಹ್ನದ ಮೇಲೆ ಒಂದೂ ಇಲ್ಲ. ಮಾರನೆಯ ದಿನ ನನ್ನ ಕೆಲಸ ಮಾಡುತ್ತಲೇ ಅವನ ಕಡೆ ಒಂದು ಕಣ್ಣಿಟ್ಟೆ. ವೋಚರು ನೋಡುತ್ತಾನೆ, ಮೊತ್ತವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುತ್ತಾನೆ, ಲೆಡ್ಜರಿನ ಹಾಳೆ ಮಗುಚುತ್ತಾನೆ. ಅಷ್ಟರಲ್ಲಿ ಕಿಟಕಿಯಿಂದ ಒಂದು ಪಾಸ್‌ಬುಕ್ ಒಳಗೆ ತೂರುತ್ತದೆ, ತೆಲುಗಿನಲ್ಲೋ ಕನ್ನಡದಲ್ಲೋ ಒಂದು ಪ್ರಶ್ನೆ ಬರುತ್ತದೆ. ಪಾಪ, ಮರ್ಯಾದೆಯ ಹುಡುಗ, ತಲೆ ಎತ್ತಿ ಉತ್ತರ ಹೇಳಿ, ಆಮೇಲೆ ಬರೆಯುತ್ತಾನೆ. ಅಂಕಿ ತಿರುಗುತ್ತಿದ್ದದ್ದು ಅಲ್ಲೇ.

ಇದನ್ನು ಯಾವಾಗ ಹೇಳುವುದು? ಗಿರಾಕಿಗಳ ಎದುರಿಗೆ ಹೇಳುವ ಮಾತಲ್ಲ. ಶನಿವಾರ ಸಂಜೆಯೂ ಬೇಡ. ತಾಳೆ ಸಿಗದೆ, ಮುಳಬಾಗಿಲಿನ ಬಸ್ಸು ತಪ್ಪೀತೆಂದು ಗಡಿಯಾರ ನೋಡುತ್ತಿರುವವನ ಕಿವಿಗೆ ಏನೂ ಬೀಳುವುದಿಲ್ಲ. ಒಂದು ಬೆಳಿಗ್ಗೆ ಗೇಟು ತೆಗೆಯುವ ಮುಂಚೆ ಟೀ ತರಿಸಿ, ಲೆಡ್ಜರು ತೆರೆದು, ಚೀಟಿ ಪಕ್ಕಕ್ಕಿಟ್ಟೆ.

"ನೋಡಪ್ಪ, ನಾಲ್ಕೂ ವ್ಯತ್ಯಾಸ ನಿನ್ನ ಕೈಬರಹದಲ್ಲೇ ಇವೆ. ಅದನ್ನು ಮುಚ್ಚಿಟ್ಟು ಹೇಳೋದಿಲ್ಲ. ಆದರೆ ನಾಲ್ಕು ಥರದ ತಪ್ಪಲ್ಲ, ಮೂರು ಒಂದೇ ಥರ. ಒಂಬತ್ತರಿಂದ ಭಾಗಿಸಿ ನೋಡು" ಎಂದೆ. ಭಾಗಿಸಿದ. ಅವನಿಗೇ ವೋಚರು ಕೊಟ್ಟೆ. ಮೂರನ್ನೂ ಅವನೇ ಕಂಡುಹಿಡಿದ. ಆಮೇಲೆ ಮೆಲ್ಲಗೆ, "ನನಗೆ ಲೆಕ್ಕವೇ ಬರಲ್ಲ, ಈ ಕೆಲಸ ಬಿಟ್ಟು ಅಪ್ಪನ ಜೊತೆ ತೋಟಕ್ಕೇ ಹೋಗೋಣ ಅಂದ್ಕೊಂಡಿದ್ದೆ ಸಾರ್" ಎಂದ.

"ಲೆಕ್ಕ ಬರದವನು ಬಡ್ಡಿಯನ್ನು ಹೀಗೆ ಹಾಕ್ತಾನೇನಯ್ಯ?" ಎಂದು ಅವನ ಬಡ್ಡಿಯ ಹಾಳೆಗಳನ್ನೇ ತೆಗೆದು ತೋರಿಸಿದೆ. ಬಡ್ಡಿ ಹಾಕುವಾಗ ಅವನು ಒಳಗೆ ಕೂತಿರುತ್ತಿದ್ದ, ಯಾರೂ ಮಾತನಾಡಿಸುತ್ತಿರಲಿಲ್ಲ. "ಕೌಂಟರಿನಲ್ಲಿ ಯಾರಾದರೂ ಮಾತಾಡಿಸಿದರೆ ಮನಸ್ಸಿನಲ್ಲಿರೋ ಅಂಕಿಯನ್ನ ನಂಬಬೇಡ. ಎಡಗೈ ಬೆರಳು ವೋಚರಿನ ಮೇಲೇ ಇರಲಿ. ಉತ್ತರ ಹೇಳಿ, ಮತ್ತೆ ಓದಿ, ಆಮೇಲೆ ಬರಿ. ಬರೆದದ್ದನ್ನ ವೋಚರಿಗೆ ಹೋಲಿಸಿ ನೋಡಿದ ಮೇಲೇ ಟಿಕ್ ಹಾಕು." 730ರ ವಿಷಯವನ್ನು ಬೇರೆಯಾಗಿಯೇ ಹೇಳಿದೆ. "ಇದು ಮಾತ್ರ ಚಲನ್ನೋ ವಿತ್‌ಡ್ರಾಯಲ್ಲೋ ಅಂತ ನೋಡದೆ ಬರೆದದ್ದು. ಒಂದೇ ಸಲ ಆಗಿದೆ. ಎರಡನೇ ಸಲ ಆದರೆ ಮತ್ತೆ ಕೂತು ಮಾತಾಡೋಣ."

ಒಟ್ಟು ಹದಿನೈದು ನಿಮಿಷದ ಮಾತು. ಮುಂದಿನ ಶನಿವಾರ ತಾಳೆಯಾಯಿತು. ಅದರ ಮುಂದಿನ ವಾರ 180 ವ್ಯತ್ಯಾಸ ಬಂತು. ನಾನು ಕೇಳುವ ಮುಂಚೆಯೇ, "ಒಂಬತ್ತರಿಂದ ಹೋಗತ್ತೆ ಸಾರ್" ಎಂದು ವೋಚರಿನ ಕಟ್ಟು ಬಿಚ್ಚಿದ. 310 ಅನ್ನು 130 ಎಂದು ಬರೆದಿದ್ದ. ಹುಡುಕಲು ಹತ್ತು ನಿಮಿಷ ಹಿಡಿಯಿತು, ಬಸ್ಸೂ ಸಿಕ್ಕಿತು.

ಮ್ಯಾನೇಜರಿಗೆ ಕೊಟ್ಟ ಚೀಟಿಯಲ್ಲಿ ತಪ್ಪುಗಳನ್ನು ನಾನು ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ಒಳ್ಳೆಯ ಮಾತನ್ನೂ ಅವರು ನಂಬುತ್ತಿರಲಿಲ್ಲ. "ಜನಸಂದಣಿಯ ಹೊತ್ತಿನಲ್ಲಿ ಅಂಕಿ ಅದಲುಬದಲಾಗುತ್ತಿತ್ತು, ಕಾರಣ ಗೊತ್ತಾಗಿದೆ, ಈಗ ಕಡಿಮೆಯಾಗಿದೆ, ಉಳಿದದ್ದನ್ನು ತಾನೇ ಹುಡುಕುತ್ತಾನೆ. ಬಡ್ಡಿ ಲೆಕ್ಕ ನಿಖರ" ಎಂದು ಬರೆದೆ. ಅವರು ಎರಡು ಸಲ ಓದಿ, ಅಜಾಗರೂಕ ಎಂಬ ಮಾತನ್ನು ಕೈಬಿಟ್ಟರು. ಹುಡುಗನ ಕೆಲಸ ಖಾಯಂ ಆಯಿತು.

ಎಲ್ಲರಿಗೂ ಇದೇ ಮಾತು ಸಲ್ಲುವುದಿಲ್ಲ. ಆಮೇಲೆ ನಾನು ಮಾಲೂರಿಗೆ ವರ್ಗವಾಗಿ ಹೋದೆ. ಅಲ್ಲಿ ಹೆಂಚಿನ ಕಾರ್ಖಾನೆಗಳ ಖಾತೆ ಬರೆಯುತ್ತಿದ್ದ ಇನ್ನೊಬ್ಬ ಕಿರಿಯನಿಗೂ ತಾಳೆ ತಪ್ಪುತ್ತಿತ್ತು. ಅವನ ವ್ಯತ್ಯಾಸಗಳು 50, 500, ಮತ್ತೆ 5. ಒಂದೂ ಒಂಬತ್ತರಿಂದ ಹೋಗಲಿಲ್ಲ. ವೋಚರು ತೆಗೆದರೆ ಎಲ್ಲ ಕಡೆ ಮೂರು ಎಂಟಾಗಿತ್ತು, ಎಂಟು ಮೂರಾಗಿತ್ತು. ಬೆರಳಿಟ್ಟು ಎರಡು ಸಲ ಓದು ಎಂದು ಅವನಿಗೆ ಹೇಳಿ ಏನು ಪ್ರಯೋಜನ, ಎರಡು ಸಲವೂ ಅದೇ ಕಾಣುತ್ತಿತ್ತಲ್ಲ! ಕೋಲಾರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಾ ಎಂದೆ. ಸೋಮವಾರ ಕನ್ನಡಕ ಹಾಕಿಕೊಂಡು ಬಂದವನು ಕುರ್ಚಿಯಲ್ಲಿ ಕೂರುವ ಮುಂಚೆ ಹಿಂದಿನ ವಾರದ ಹಾಳೆಗಳನ್ನು ತಿರುವಿ, "ಅಯ್ಯೋ, ಇಲ್ಲೂ ಎಂಟೇ ಇದೆ ಸಾರ್" ಎಂದು ಒಂದೊಂದೇ ತೋರಿಸತೊಡಗಿದ.